ಮುಂದೂಡಿದ ಮೆರವಣಿಗೆ

2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಒಂದೇ ದಿನ ಬಂದವು. ಬೆಳಗಾವಿಯಲ್ಲಿ ಗಣಪತಿ ವಿಸರ್ಜನೆಯೆಂದರೆ ರಾತ್ರಿಯಿಡೀ ನಡೆದು ಮರುದಿನಕ್ಕೂ ಮುಂದುವರಿಯುವ ಮೆರವಣಿಗೆ. ಮಿಲಾದಿನ ಜುಲೂಸ್ ಸಹ ಊರೊಳಗಿನ ಬೀದಿಗಳನ್ನು ಹಾದು ನಮ್ಮ ಕ್ಯಾಂಪಿನ ಅಸದ್ ಖಾನ್ ದರ್ಗಾದ ಕಡೆಗೆ ಬರುತ್ತದೆ. ಊರಿನ ಮುಸ್ಲಿಂ ಹಿರಿಯರು ಕೂತು ಮಾತಾಡಿ, ಜುಲೂಸನ್ನು ಕೆಲವು ದಿನ ಮುಂದೂಡಿದರು.

ಆ ವಾರ ಕ್ಯಾಂಪಿನ ಒಂದು ಹೊಲಿಗೆ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯ ಹುಡುಗ ಸಿಟ್ಟಿನಲ್ಲಿದ್ದ. "ಪ್ರತಿ ಸಲಾ ನಾವ ಯಾಕ್ ಬಿಟ್ಟ ಕೊಡಬೇಕ್ರೀ ಚಾಚಾ?" ಎಂದು ಮಾಲೀಕರನ್ನು ಕೇಳಿದ. ಅವರು ಮಷಿನ್ ನಿಲ್ಲಿಸದೆ, "ಮಸ್ಲಹತ್ ಅಂತ ಒಂದ್ ಐತಿ ತಮ್ಮಾ" ಎಂದಷ್ಟೇ ಹೇಳಿದರು. ಹುಡುಗನಿಗೆ ಅದು ಹೆದರಿಕೆಗೆ ಇಟ್ಟ ಒಳ್ಳೆಯ ಹೆಸರಿನಂತೆ ಕೇಳಿಸಿತು. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೂ ಹಾಗೇ ಅನ್ನಿಸಿತು. ಆದರೆ ಮಸ್ಲಹತ್ ಎಂಬ ಮಾತಿನ ಹಿಂದೆ ಒಂದು ಕಟ್ಟುನಿಟ್ಟಾದ ಲೆಕ್ಕವಿದೆ.

1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ 'ಅಲ್ ಮುಸ್ತಸ್ಫಾ'ದಲ್ಲಿ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ: ಮಸ್ಲಹತ್, ಅಂದರೆ ಹಿತ, ಯಾವುದು? ನಮಗೆ ಹಿತವೆನಿಸಿದ್ದೆಲ್ಲ ಅಲ್ಲ. ಶರೀಅತ್ತಿನ ಉದ್ದೇಶಗಳನ್ನು ಕಾಯುವುದು ಮಾತ್ರ ಹಿತ. ಆ ಉದ್ದೇಶಗಳು ಐದು: ಧರ್ಮ, ಜೀವ, ಬುದ್ಧಿ, ಸಂತತಿ, ಆಸ್ತಿ. ಇವುಗಳನ್ನು ಕಾಯುವ ಸಂಗತಿಗಳಿಗೂ ಮೂರು ಮೆಟ್ಟಿಲು. ಯಾವುದಿಲ್ಲದಿದ್ದರೆ ಬದುಕೇ ಕುಸಿಯುತ್ತದೋ ಅದು ಜರೂರಿಯಾತ್. ಇಲ್ಲದಿದ್ದರೆ ಬದುಕು ಕಷ್ಟವಾಗುವಂಥದ್ದು ಹಾಜಿಯಾತ್. ಬದುಕಿಗೆ ಚೆಲುವು, ಘನತೆ ಕೊಡುವಂಥದ್ದು ತಹ್ಸೀನಿಯಾತ್. ಎರಡರ ನಡುವೆ ತಿಕ್ಕಾಟ ಬಂದರೆ ಮೇಲಿನ ಮೆಟ್ಟಿಲಿಗಾಗಿ ಕೆಳಗಿನದು ದಾರಿ ಬಿಡಬೇಕು.

ಹಾಗಾದರೆ ಜುಲೂಸ್ ಯಾವ ಮೆಟ್ಟಿಲಿನದು? ಅದು ಐದು ಹೊತ್ತಿನ ನಮಾಜಿನಂತೆ ಕಡ್ಡಾಯವಲ್ಲ. ಅದನ್ನು ಮಾಡಬೇಕೋ ಬೇಡವೋ ಎಂದು ಉಲೇಮಾಗಳೇ ವಾದಿಸುತ್ತಾರೆ. ಮಾಡಬೇಕೆನ್ನುವವರೂ ಅದನ್ನು ಪ್ರೀತಿ, ಗೌರವ ತೋರುವ ರೀತಿಯೆಂದು ಕಾಣುತ್ತಾರೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಒಂದೇ ಇಕ್ಕಟ್ಟಾದ ರಸ್ತೆ, ಎರಡು ದೊಡ್ಡ ಗುಂಪು, ಕತ್ತಲು ಮತ್ತು ಒಂದು ಕಲ್ಲು. ಅಲ್ಲಿ ಹೋಗಬಹುದಾದದ್ದು ಜೀವ ಮತ್ತು ಆಸ್ತಿ, ಅಂದರೆ ಮೊದಲ ಮೆಟ್ಟಿಲಿನವು. ಹಿತವನ್ನು ಗಳಿಸುವುದಕ್ಕಿಂತ ಕೇಡನ್ನು ತಡೆಯುವುದು ಮೊದಲು ಎಂಬ ಫಿಖ್‌ಹಿನ ಸೂತ್ರ ಇಂಥ ಕಡೆಗೇ ಅನ್ವಯಿಸುತ್ತದೆ.

ಆದರೆ ಹುಡುಗನ ಪ್ರಶ್ನೆ ಇನ್ನೂ ಉಳಿಯಿತು. ಕೇಡಿನ ಹೆಸರು ಹೇಳಿದರೆ ಏನನ್ನು ಬೇಕಾದರೂ ನಿಲ್ಲಿಸಬಹುದಲ್ಲ? ಈ ಅಪಾಯ ಹಳೆಯ ನ್ಯಾಯವಿದರಿಗೂ ಗೊತ್ತಿತ್ತು. ದ್ರಾಕ್ಷಿಯಿಂದ ಹೆಂಡವಾಗುತ್ತದೆಂದು ದ್ರಾಕ್ಷಿ ಬೆಳೆಯುವುದನ್ನೇ ನಿಷೇಧಿಸುವಂತಿಲ್ಲ ಎಂದರು ಅವರು. ಹಾಗೆ ಮಾಡಿದರೆ ನಮ್ಮ ಅಥಣಿಯ ತೋಟಗಳೆಲ್ಲ ಹೋದಂತೆಯೇ. 1388ರಲ್ಲಿ ತೀರಿಕೊಂಡ ಗ್ರನಾಡಾದ ಶಾತಿಬಿ 'ಅಲ್ ಮುವಾಫಖಾತ್'ನಲ್ಲಿ ಕೇಡು ಎಷ್ಟು ಸಂಭವನೀಯ ಎಂಬುದನ್ನು ದರ್ಜೆ ಮಾಡಿ ಅಳೆಯುತ್ತಾರೆ. ಕತ್ತಲಲ್ಲಿ ಮನೆಬಾಗಿಲ ಹಿಂದೆಯೇ ಬಾವಿ ತೋಡಿದರೆ ಒಳಬರುವವನು ಬೀಳುವುದು ಖಚಿತ, ಅದು ಕೂಡದು. ಯಾರೂ ಅಷ್ಟಾಗಿ ಓಡಾಡದ ಕಡೆ ತೋಡಿದರೆ ಬೀಳುವುದು ಅಪರೂಪ, ಅದಕ್ಕೆ ಅಡ್ಡಿಯಿಲ್ಲ. ಹೆಂಡ ಮಾಡುವವನಿಗೇ ದ್ರಾಕ್ಷಿ ಮಾರಿದರೆ ಕೇಡು ಬಹುಮಟ್ಟಿಗೆ ಆಗಿಯೇ ಆಗುತ್ತದೆ, ಅದೂ ಬೇಡ. ಬರೀ ಊಹೆಯ ಭಯಕ್ಕೆ ಈ ಲೆಕ್ಕದಲ್ಲಿ ತೂಕವಿಲ್ಲ.

ಒಂದೇ ದಿನ, ಒಂದೇ ಊರೊಳಗೆ ಎರಡು ಜನಸಾಗರ ಎದುರಾಗುವುದು ಬರೀ ಊಹೆಯಲ್ಲ. ಅದೇ, ಯಾವ ಮೆರವಣಿಗೆಯೂ ಇಲ್ಲದ ದಿನ ಯಾರೋ ಗುಡುಗಿದರೆಂದು ಜುಲೂಸ್ ನಿಲ್ಲಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಆಗ ಕೇಡು ಬರುವುದು ಗುಡುಗಿದವನಿಂದ. ಅವನನ್ನು ತಡೆಯುವುದು ಆಡಳಿತದ ಕೆಲಸ. ಹಾಗೆಯೇ, ಬಿಡಬೇಕಾದದ್ದು ಜುಲೂಸಲ್ಲ, ಶುಕ್ರವಾರದ ನಮಾಜ್ ಆಗಿದ್ದರೆ ಹಿರಿಯರು ಇಷ್ಟು ಸುಲಭವಾಗಿ ಒಪ್ಪುವಂತಿರಲಿಲ್ಲ.

ಇನ್ನೊಂದು ಮಾತಿದೆ. ಮುಂದೂಡುವುದೆಂದರೆ ರದ್ದು ಮಾಡುವುದಲ್ಲ. ಚತುರ್ದಶಿಗೆ ಹೊರಟ ಗಣಪತಿ ಕಾಯುವಂತಿಲ್ಲ, ಜುಲೂಸ್ ಕಾಯಬಲ್ಲದು. ದರೂದ್, ಬಡವರಿಗೆ ಊಟ, ಮನೆಯೊಳಗಿನ ದೀಪ ಯಾವುದೂ ರಸ್ತೆಗಾಗಿ ಕಾಯಬೇಕಿಲ್ಲ. ಎರಡು ಹಿತಗಳನ್ನೂ ಉಳಿಸಿಕೊಳ್ಳಲು ದಾರಿಯಿದ್ದಾಗ ಒಂದನ್ನು ಬಲಿಕೊಡಬೇಡಿ ಎನ್ನುವುದೂ ಅದೇ ನ್ಯಾಯವಿದರ ಮಾತು.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. "ಲೆಕ್ಕ ಸರಿ ಐತ್ರಿ, ಆದ್ರ ಅವರೂ ಒಮ್ಮೆ ಈ ಲೆಕ್ಕ ಮಾಡ್ಲಿ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಕ್ಕಡಿ ಹಿಡಿದವನು ತನ್ನ ಪಾಲಿನದನ್ನಷ್ಟೇ ತೂಗಬಲ್ಲ. ಮುಂದೂಡಿದ ದಿನ ಅದೇ ಹುಡುಗ ಹಸಿರು ಪೇಟ ಸುತ್ತಿಕೊಂಡು ದರ್ಗಾದ ದಾರಿಯಲ್ಲಿ ಶರಬತ್ತು ಹಂಚುತ್ತಿದ್ದ. ನನಗೂ ಒಂದು ಗ್ಲಾಸು ಕೊಟ್ಟ.