ಅಡ್ಡಗೆರೆ ಎಲ್ಲಿಂದ ಎಳೆಯಬೇಕು?

ಉತ್ತರ ತಪ್ಪಾದರೆ ಇಡೀ ಲೆಕ್ಕಕ್ಕೇ ಇಂಟು ಹಾಕೋದು ನ್ಯಾಯವಾ? ಊರಿಂದ ಅಕ್ಕನ ಮಗ ನೋಟ್‌ಬುಕ್ಕಿನ ಫೋಟೋ ಕಳಿಸಿದ್ದ:

```
3 − 2(x − 4) = 5
3 − 2x − 8 = 5
−2x − 5 = 5
−2x = 10
x = −5
```

ಸರಿಯುತ್ತರ 3. ಅಷ್ಟು ಹೇಳಿದರೆ ಅವನು ಅದನ್ನ ಬರ್ಕೊಂಡು ಸುಮ್ಮನಾಗ್ತಾನೆ. ತಪ್ಪು ಹುಟ್ಟಿದ ಸಾಲು ಸಿಗಬೇಕು. ಅದಕ್ಕೆ x ಇದ್ದಲ್ಲೆಲ್ಲ 3 ಹಾಕುತ್ತ ಮೇಲಿಂದ ಇಳಿದೆ. ಮೊದಲ ಸಾಲಿನ ಎಡಗಡೆ 5 ಬಂತು, ಸರಿ. ಎರಡನೆಯದರಲ್ಲಿ −11. ಅಂದರೆ ಎಡವಿದ್ದು ಇವೆರಡರ ನಡುವೆ. ಬ್ರಾಕೆಟ್ ಬಿಡಿಸುವಾಗ −2 ಮತ್ತು −4 ಗುಣಿಸಿದರೆ +8 ಆಗಬೇಕು, ಅವನು −8 ಬರೆದಿದ್ದಾನೆ. ಫೋಟೋದಲ್ಲಿ ಆ ಗುರುತು ಮಸುಕಾಗಿತ್ತು. ಆದರೆ ಕೆಳಗಿನ ಸಾಲಲ್ಲಿ −5 ಬಂದಿದೆ, ಹಾಗಾಗಿ ಅದು ಮೈನಸ್ಸೇ.

ಈಗ ಅವನ −5 ಅನ್ನೇ ಹಾಕಿ ನೋಡಿ. ಎರಡನೇ ಸಾಲಿಂದ ಕೊನೇವರೆಗೂ ತಾಳೆಯಾಗುತ್ತೆ. ಎರಡು ತಪ್ಪು ಒಂದನ್ನೊಂದು ಮುಚ್ಚಿದ್ದರೂ ಹೀಗೇ ಕಾಣಬಹುದು ಅಂತ ಒಂದೊಂದು ಹೆಜ್ಜೆಯನ್ನೂ ಓದಿದೆ. ಉಳಿದ ಮೂರೂ ಸರಿ. ಹಾಗಾಗಿ ಮೊದಲ ಸಾಲು ಮುಟ್ಟದೆ, ಅವನದೇ ಕ್ರಮದಲ್ಲಿ ಮುಂದಕ್ಕೆ ಬರೆದೆ:

```
3 − 2x + 8 = 5
−2x + 11 = 5
−2x = −6
x = 3
```

ನಾಲ್ಕೂ ಸಾಲಿಗೆ ಇಂಟು ಹಾಕಿದರೆ, ಸಂಖ್ಯೆಯನ್ನ ಆಚೆ ಕಡೆ ದಾಟಿಸೋದೂ ಭಾಗಿಸೋದೂ ತನಗೆ ಬರಲ್ಲ ಅಂತ ಹುಡುಗ ನಂಬ್ತಾನೆ. ಅವೆರಡೂ ಅವನಿಗೆ ಚೆನ್ನಾಗೇ ಬರುತ್ತೆ. ಬಾರದ್ದು ಒಂದೇ, ಬ್ರಾಕೆಟ್ ಮುಂದಿನ ಮೈನಸ್ಸು. ಅಷ್ಟನ್ನೇ ಹೇಳೋದು ನನ್ನ ಪ್ರಕಾರ ಬರೀ ದಯೆ ಅಲ್ಲ, ನಿಜ ಹೇಳೋದು.