ಗಂಡ ಜೊತೆಗಿದ್ದೂ ಒಂಟಿತನವೇ?

ಗಂಡ ಒಳ್ಳೆಯವನು, ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಹೊಸ ಊರಿನಲ್ಲಿ ಹೆಂಡತಿಯನ್ನು ಒಂಟಿತನ ಕಾಡಿದರೆ ಅದು ಕೃತಘ್ನತೆಯೇ? ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಮೇಲೆ ಪಿಎಚ್‌.ಡಿ. ಪ್ರಬಂಧಕ್ಕಿಂತ ಹೆಚ್ಚು ನನ್ನನ್ನು ಕೆಣಕಿದ ಪ್ರಶ್ನೆಯಿದು. ‘ನಾ ಅದೀನಲ್ಲ, ಮತ್ಯಾಕ ಬ್ಯಾಸರ?’ ಎಂದು ನನ್ನವರು ಕೇಳುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ, ಸ್ವಲ್ಪ ನೋವೂ ಇದೆ. ನನ್ನ ಬೇಸರವನ್ನು ಅವರು ತಮ್ಮ ಪ್ರೀತಿಯ ಸೋಲೆಂದು ತಿಳಿಯುತ್ತಾರೆ.

ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರ ತಮ್ಮ ಪುಸ್ತಕದಲ್ಲಿ ಒಂಟಿತನವನ್ನು ಎರಡಾಗಿ ವಿಂಗಡಿಸಿದರು. ಮನಸ್ಸು ಬಿಚ್ಚಲು ಒಬ್ಬ ಆಪ್ತರಿಲ್ಲದಿರುವುದು ಒಂದು ಬಗೆ. ಸೇರಿಕೊಳ್ಳಲು ಒಂದು ಬಳಗವಿಲ್ಲದಿರುವುದು ಇನ್ನೊಂದು. ಇವುಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು. ಹಸಿದವರಿಗೆ ನೀರು ಕೊಟ್ಟರೆ ನೀರಿನ ತಪ್ಪೇನಿಲ್ಲ, ಹಸಿವೂ ಸುಳ್ಳಲ್ಲ.

ನನ್ನದು ಎರಡನೆಯ ಬಗೆಯೆಂದು ಗೊತ್ತಾದದ್ದು ಭಾನುವಾರಗಳಿಂದ. ಅವರು ದಿನವಿಡೀ ಮನೆಯಲ್ಲಿದ್ದರೂ ಬೇಸರ ಹೋಗುತ್ತಿರಲಿಲ್ಲ. ಅವರ ಗೆಳೆಯರು ಬಂದರೆ ‘ವಹಿನಿ’ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ಮರಾಠಿಯಲ್ಲಿ ಅತ್ತಿಗೆಗೆ ಹಾಗೆನ್ನುತ್ತಾರೆ. ಆದರೆ ಪುಣೆಯಲ್ಲಿ ನನ್ನನ್ನು ಬಲ್ಲವರೆಲ್ಲ ಅವರ ಮೂಲಕವೇ ಬಲ್ಲವರು. ಅವರೊಡನೆ ಜಗಳವಾದ ದಿನ ಹೇಳಿಕೊಳ್ಳಲು ಈ ಊರಿನಲ್ಲಿ ನನ್ನ ಕಡೆಯವರು ಅನ್ನುವವರು ಯಾರೂ ಇಲ್ಲ. ಧಾರವಾಡದ ಗೆಳತಿಯರು ಫೋನಿನಲ್ಲಿ ಸಿಗುತ್ತಾರೆ, ನಿಜ. ಆದರೆ ‘ಬಾರ, ಚಹಾ ಕುಡಿಯೂಣು’ ಅಂದರೆ ಅವರು ಬರಲಾಗದು.

ಒಬ್ಬನೇ ಮನುಷ್ಯ ಗಂಡನೂ ಗೆಳತಿಯೂ ಓಣಿಯೂ ತವರೂ ಆಗಬೇಕೆಂದರೆ ಅದು ಅವನಿಗೂ ಅನ್ಯಾಯ. ಹಾಗೆಂದು ಇದು ಹೆಂಡತಿಯೊಬ್ಬಳೇ ನಿಭಾಯಿಸಬೇಕಾದ ಸಂಗತಿಯೂ ಅಲ್ಲ. ಊರು ಬಿಟ್ಟವಳು ಅವಳು. ಅವನ ಬಳಗ ಇದ್ದಲ್ಲೇ ಇದೆ. ಆದ್ದರಿಂದ ಬಿಡದೆ ಉಳಿದವನ ಮೇಲೆ ಒಂದು ಋಣವಿದೆ. ಆ ಋಣ ತೀರುವುದು ಇನ್ನಷ್ಟು ಹೊತ್ತು ಜೊತೆಗೆ ಕೂರುವುದರಿಂದಲ್ಲ, ಅವಳದೇ ಆದ ಹೊತ್ತನ್ನು ಅವಳಿಗೆ ಬಿಟ್ಟುಕೊಡುವುದರಿಂದ.

ಸ್ನೇಹಕ್ಕೆ ಹೊತ್ತು ಬೇಕೆಂಬುದು ಹಳೆಯ ಮಾತು. ಜೊತೆಗೆ ಕೂತು ಸಾಕಷ್ಟು ಉಪ್ಪು ತಿನ್ನುವವರೆಗೆ ಒಬ್ಬರನ್ನೊಬ್ಬರು ಅರಿಯಲಾಗದೆಂಬ ಗಾದೆಯನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ನೆನೆಯುತ್ತಾನೆ. ಒಮ್ಮೆ ಸೊಸೈಟಿಯ ಗಣಪತಿ ಹಬ್ಬಕ್ಕೆ ಹೋಗಿಬಂದರೆ ಪರಿಚಯವಾದೀತು, ಗೆಳೆತನವಾಗದು. ಅದಕ್ಕೆ ಅದೇ ಜಾಗ, ಅದೇ ಹೊತ್ತು, ಅದೇ ಮುಖಗಳು ಮತ್ತೆ ಮತ್ತೆ ಬೇಕು. ಈಗ ಮಂಗಳವಾರ ಮತ್ತು ಶುಕ್ರವಾರ ರಾತ್ರಿಯ ಅಡುಗೆ ನನ್ನವರದು. ಆ ಎರಡು ಸಂಜೆ ನಾನು ಗ್ರಂಥಾಲಯದಲ್ಲಿ ಒಂದೇ ಮೇಜಿನಲ್ಲಿ ಕೂರುತ್ತೇನೆ. ಎದುರು ಕೂರುವ ಮರಾಠಿ ಸಂಶೋಧಕಿ ಮೂರನೇ ವಾರ ನನ್ನ ಹೆಸರು ಕೇಳಿದಳು. ಇನ್ನೂ ಗೆಳತಿಯಲ್ಲ, ನನ್ನ ಮುರುಕು ಮರಾಠಿಗೆ ನಗುತ್ತಾಳೆ, ಅಷ್ಟೆ. ಆದರೆ ಈ ಊರಿನಲ್ಲಿ ನನ್ನನ್ನು ಯಾರ ಹೆಂಡತಿಯೆಂದು ತಿಳಿಯದೆ ಬಲ್ಲ ಮೊದಲ ವ್ಯಕ್ತಿ ಅವಳು. ಇದನ್ನು ಬಯಸಿದ್ದು ಗಂಡನ ಪ್ರೀತಿಯನ್ನು ಅಲ್ಲಗಳೆದಂತೆ ಎಂದು ನನಗೆ ಅನಿಸುವುದಿಲ್ಲ.