ಮೂವತ್ತು ಇಂಚಿನ ಮೇಜಿನ ಮುಂದೆ

ಅಂಗಡಿಯಲ್ಲಿ ಸಿಗುವ ಓದುವ ಮೇಜಿನ ಎತ್ತರ ಹೆಚ್ಚುಕಡಿಮೆ 30 ಇಂಚು, ಕುರ್ಚಿಯದು 18. ಬಡಗಿಗೆ ಹೇಳಿ ಮಾಡಿಸಿದರೂ ಅವನ ಕೈ ತಾನಾಗಿ ಇದೇ ಅಳತೆಗೆ ಹೋಗುತ್ತದೆ. ಬೆಳೆದ ಆಳಿಗೆಂದು ಹುಟ್ಟಿದ ಅಳತೆ ಇದು. ಇದರ ಮುಂದೆ ಮೂರನೇ ಕ್ಲಾಸಿನ ಮಗುವನ್ನು ಕೂರಿಸುತ್ತೇವೆ, ಕೂರಿಸಿದ ಮೇಲೆ ‘ನೆಟ್ಟಗೆ ಕೂತ್ಕೋ’ ಎಂದು ದಿನವೂ ಗದರುತ್ತೇವೆ. ಮಗು ಎರಡು ನಿಮಿಷ ನೆಟ್ಟಗೆ ಕೂತು ಮತ್ತೆ ಬಾಗುತ್ತದೆ. ಆಮೇಲೆ ನಾವು ಅದರ ಸ್ವಭಾವದ ಬಗ್ಗೆ ಮಾತಾಡಲು ಶುರುಮಾಡುತ್ತೇವೆ: ಗಮನವಿಲ್ಲ, ಚಂಚಲ, ಸೋಮಾರಿ.

ಬೆನ್ನು ಯಾಕೆ ಬಾಗುತ್ತದೆಂದು ನೋಡಬೇಕಾದರೆ ಬೆನ್ನನ್ನು ಬಿಟ್ಟು ಪಾದ ನೋಡಬೇಕು. ಪಾದ ನೆಲಕ್ಕೆ ಎಟುಕದಿದ್ದರೆ ಕಾಲಿನ ಭಾರವೆಲ್ಲ ಕುರ್ಚಿಯ ಮುಂದಿನ ಅಂಚಿನಲ್ಲಿ ತೊಡೆಯ ಅಡಿಗೆ ಒತ್ತುತ್ತದೆ. ಆ ಒತ್ತಡ ತಪ್ಪಿಸಲು ಮಗು ಮುಂದಕ್ಕೆ ಜಾರುತ್ತದೆ, ಬೆನ್ನಿಗೆ ಆಸರೆ ತಪ್ಪುತ್ತದೆ. ಆಸರೆಗಾಗಿ ಮೊಣಕೈಗಳನ್ನು ಮೇಜಿನ ಮೇಲೆ ಊರುತ್ತದೆ. ಮೇಜೋ ಎದೆಮಟ್ಟಕ್ಕಿದೆ, ಹಾಗಾಗಿ ಭುಜಗಳು ಕಿವಿಯತ್ತ ಏರುತ್ತವೆ, ಮೂಗು ಪುಸ್ತಕದ ಹತ್ತಿರ ಬರುತ್ತದೆ. ಇನ್ನು ಕೆಲವು ಮಕ್ಕಳು ಒಂದು ಕಾಲು ಮಡಚಿ ಅದರ ಮೇಲೆಯೇ ಕೂರುತ್ತಾರೆ, ಇಲ್ಲವೇ ಕುರ್ಚಿಯ ಮೇಲೆ ಮಂಡಿಯೂರುತ್ತಾರೆ. ದೊಡ್ಡವರಿಗೆ ಇದು ಶಿಸ್ತಿಲ್ಲದ ಕೂರುವಿಕೆ. ನಿಜದಲ್ಲಿ ಮಗು ಕುರ್ಚಿಯ ಎತ್ತರವನ್ನು ತನಗೆ ತಿಳಿದಂತೆ ಸರಿಮಾಡಿಕೊಳ್ಳುತ್ತಿದೆ. ಬಡಗಿ ಮಾಡದೆ ಬಿಟ್ಟ ಕೆಲಸವನ್ನು ತನ್ನ ಕಾಲು ಕೊಟ್ಟು ಮುಗಿಸುತ್ತಿದೆ.

ನನ್ನ ತಂಗಿಯ ಮಗಳಿಗೆ ಎಂಟು ವರ್ಷ, ಎತ್ತರ ನಾಲ್ಕು ಅಡಿ ಎರಡು ಇಂಚು. ಅವಳಿಗೆ ಮೇಜು ಹೊಂದಿಸಲು ಎರಡು ಅಳತೆ ಸಾಕಾದವು. ಮಂಡಿಯ ಹಿಂಬದಿಯಿಂದ ಅಂಗಾಲಿನವರೆಗೆ 13 ಇಂಚು. ಕೂತಾಗ ಕೈ ಇಳಿಬಿಟ್ಟು ಮೊಣಕೈ ಮಡಚಿದರೆ ಆಸನದಿಂದ ಮೊಣಕೈಗೆ 7 ಇಂಚು. ಬರೆಯುವಾಗ ಕೈ ಸ್ವಲ್ಪ ಮುಂದೆ ಚಾಚುವುದರಿಂದ ಮೇಜಿನ ಮೇಲ್ಮೈ ಮೊಣಕೈಗಿಂತ ಒಂದು ಇಂಚು ಮೇಲಿದ್ದರೆ ಹಿತ. ಅಂದರೆ ಅವಳಿಗೆ 13 ಇಂಚಿನ ಆಸನ, 21 ಇಂಚಿನ ಮೇಜು ಬೇಕು. ಮನೆಯ ಮೇಜು ಅದಕ್ಕಿಂತ ಒಂಬತ್ತು ಇಂಚು ಎತ್ತರ. ಒಳ್ಳೆಯ ತೇಗದ ಮೇಜಿನ ಕಾಲು ಕತ್ತರಿಸಲು ಯಾರಿಗೂ ಮನಸ್ಸಿರಲಿಲ್ಲ. ಹಾಗಿದ್ದರೆ ನೆಲವನ್ನೇ ಒಂಬತ್ತು ಇಂಚು ಮೇಲೆತ್ತಬೇಕು. ಆಸನ 22 ಇಂಚಿಗೆ ಬರಬೇಕು, ಪಾದದಡಿ 9 ಇಂಚಿನ ಕಾಲುಮಣೆ ಇರಬೇಕು. ಕುರ್ಚಿಯ ಮೇಲೆ ನಾಲ್ಕು ಇಂಚು ಏರಿಸಲು ದಿಂಬು ಇಟ್ಟರೆ ಕೂತೊಡನೆ ಕುಸಿಯುತ್ತದೆ, ಅದಕ್ಕೆ ಗಟ್ಟಿಯಾಗಿ ಮಡಚಿದ ಜಮಖಾನವೇ ಆಗಬೇಕು. ಆಸನ ಉದ್ದವಾಗಿ ಅವಳ ಮೀನಖಂಡಕ್ಕೆ ಅಂಚು ತಾಗುತ್ತಿತ್ತು. ಬೆನ್ನ ಹಿಂದೆ ಒಂದು ಒರಗುದಿಂಬು ಇಟ್ಟು, ಮಂಡಿಗೂ ಅಂಚಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಬಿಟ್ಟದ್ದಾಯಿತು.

ಇಷ್ಟಾದ ಮೇಲೂ ಅವಳು ಮೇಜಿನೊಳಕ್ಕೆ ಸರಿಯಲಿಲ್ಲ, ಒಂದು ಗೇಣು ದೂರದಿಂದಲೇ ಬಗ್ಗಿ ಬರೆದಳು. ಬಗ್ಗಿ ನೋಡಿದರೆ ತೊಡೆ ಡ್ರಾಯರಿನ ಅಡಿಗೆ ತಾಗುತ್ತಿದೆ. ಹಲಗೆ ಒಂದು ಇಂಚು, ಡ್ರಾಯರ್ ನಾಲ್ಕು ಇಂಚು. 30ರಲ್ಲಿ ಐದು ಕಳೆದರೆ 25, ಆಸನ 22. ಉಳಿದ ಮೂರು ಇಂಚಿನಲ್ಲಿ ಎಂಟು ವರ್ಷದ ತೊಡೆಯೂ ಹಿಡಿಸದು. ಮೇಜು ಕೊಳ್ಳುವಾಗ ‘ಡ್ರಾಯರ್ ಇದೆ’ ಎಂಬುದೇ ಅದರ ದೊಡ್ಡ ಗುಣವಾಗಿತ್ತು. ಡ್ರಾಯರ್ ಎಳೆದು ತೆಗೆದೆವು. ಅದರೊಳಗೆ ಸಿಕ್ಕಿದ್ದು ಮೊನೆ ಮುರಿದ ಪೆನ್ಸಿಲ್‌ಗಳು, ಒಣಗಿದ ಫೆವಿಕಾಲ್, ಹಳೆಯ ವಿದ್ಯುತ್ ಬಿಲ್ಲು, ಮುಚ್ಚಳವಿಲ್ಲದ ಸ್ಕೆಚ್ ಪೆನ್ನು. ಮುಚ್ಚಿದರೆ ಕಾಣದ ಜಾಗದಲ್ಲಿ ಮನೆಯವರೆಲ್ಲರ ಕಸ ಸೇರುತ್ತದೆ, ಅಸ್ತವ್ಯಸ್ತದ ಹೆಸರು ಮಾತ್ರ ಮಗುವಿಗೆ.

ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಗಣಿತದ ನೋಟ್ಸು ಯಾವಾಗಲೂ ಅಡಿಯಲ್ಲೇ ಇರುತ್ತದೆ. ಅದನ್ನು ಎಳೆದಾಗ ಮೇಲಿನವು ಜಾರುತ್ತವೆ, ಎತ್ತಿಡುವಷ್ಟು ಪುರುಸೊತ್ತು ಶಾಲೆಗೆ ಹೊರಟ ಮಗುವಿಗೆ ಇರುವುದಿಲ್ಲ. ಬೆನ್ನುಪಟ್ಟಿ ಕಾಣುವಂತೆ ನಿಲ್ಲಿಸಿಟ್ಟರೆ ಯಾವುದನ್ನು ತೆಗೆದರೂ ಉಳಿದವು ಅಲ್ಲೇ ಇರುತ್ತವೆ, ವಾಪಸು ಇಡಬೇಕಾದ ಖಾಲಿ ಜಾಗವೂ ಕಾಣುತ್ತದೆ. ನಿಂತ ಪುಸ್ತಕಗಳಿಗೆ ಒತ್ತಾಸೆ ಬೇಕು. ಬಟ್ಟೆ ಅಂಗಡಿಯ ಗಟ್ಟಿ ರಟ್ಟಿನ ಡಬ್ಬಿಯನ್ನು ನಡುವೆ ಕತ್ತರಿಸಿ ಎರಡು ಗೂಡು ಮಾಡಿದೆವು. ಕೂತಲ್ಲಿಂದ ಏಳದೆ ಕೈಗೆ ಸಿಗುವಲ್ಲಿ ದಿನದ ಪುಸ್ತಕ ಮಾತ್ರ, ಕಳೆದ ವರ್ಷದವು ಅಟ್ಟಕ್ಕೆ.

ದೀಪದ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಬೆಳಕು ಎಡಗಡೆಯಿಂದ ಬರಬೇಕೆಂಬುದು. ಬಲಗೈಯಲ್ಲಿ ಬರೆಯುವವರಿಗೆ ಅದು ಸರಿ. ಈ ಹುಡುಗಿ ಎಡಚಿ. ಎಡಗಡೆ ಇಟ್ಟ ದೀಪ ಅವಳ ಕೈಯ ನೆರಳನ್ನು ಸರಿಯಾಗಿ ಪೆನ್ಸಿಲ್ ಮೊನೆಯ ಮೇಲೇ ಚೆಲ್ಲುತ್ತಿತ್ತು. ಬರೆಯುತ್ತಿರುವ ಅಕ್ಷರ ನೋಡಲು ಅವಳು ಕತ್ತು ಓರೆ ಮಾಡುತ್ತಿದ್ದಳು. ಸ್ವಿಚ್ ಬೋರ್ಡ್ ಎಡಕ್ಕಿದೆ ಎಂಬುದಷ್ಟೇ ದೀಪ ಅಲ್ಲಿದ್ದುದಕ್ಕೆ ಕಾರಣ. ಉದ್ದದ ವೈರು ಹಾಕಿ ಬಲಕ್ಕೆ ಸರಿಸಿದ ಸಂಜೆಯೇ ಕತ್ತು ನೇರವಾಯಿತು.

ನಿಂತವರಿಗೆ ಗೊತ್ತಾಗದ ಇನ್ನೊಂದು ಸಂಗತಿಯಿದೆ. ದೀಪದ ಶೇಡಿನ ಕೆಳ ಅಂಚು ಮಗುವಿನ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ಬಲ್ಬು ನೇರ ಕಣ್ಣಿಗೆ ಹೊಡೆಯುತ್ತದೆ. ಮಗುವಿನ ಕಣ್ಣಿನಷ್ಟು ಕೆಳಕ್ಕೆ ತಲೆ ತಗ್ಗಿಸಿ ನೋಡಿದರೆ ಮಾತ್ರ ಅದು ಕಾಣುವುದು. ಪುಸ್ತಕ ಇಡುವ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಮಲಗಿಸಿ, ಅದೇ ಮಟ್ಟದಿಂದ ಅದರೊಳಗೆ ಇಣುಕಬೇಕು. ದೀಪ ಕಂಡರೆ ನುಣುಪು ಹಾಳೆಯ ಪುಸ್ತಕದಲ್ಲೂ ಅದು ಹೊಳೆದು ಅಕ್ಷರ ಅಳಿಸಿದಂತಾಗುತ್ತದೆ. ಕಾಣದಾಗುವವರೆಗೆ ದೀಪವನ್ನು ಪಕ್ಕಕ್ಕೆ ಸರಿಸಬೇಕು. ಕೋಣೆಯ ಟ್ಯೂಬ್‌ಲೈಟ್ ಆರಿಸುವುದು ಬೇಡ. ಹಾಳೆ ಮಾತ್ರ ಬೆಳಗಿ ಸುತ್ತ ಕತ್ತಲಿದ್ದರೆ ತಲೆಯೆತ್ತಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಮಗು ಗೊಂಬೆಯಂತೆ ಕೂರುತ್ತದೆಂದಲ್ಲ. ಅರ್ಧ ಗಂಟೆಗೆ ಅದು ಕದಲುತ್ತದೆ, ಕದಲಬೇಕು. ಎಷ್ಟೇ ಸರಿಯಾದ ಭಂಗಿಯಾದರೂ ಬಹಳ ಹೊತ್ತು ಅದರಲ್ಲೇ ಇದ್ದರೆ ಮೈಗೆ ಬೇಸರವೇ. ಪದ್ಯ ಬಾಯಿಪಾಠ ಮಾಡಲು ಅವಳು ನೆಲಕ್ಕಿಳಿದು ಗೋಡೆಗೆ ಒರಗುತ್ತಾಳೆ, ಅದೂ ಸರಿಯೇ. ಚಕ್ಕಳಮಕ್ಕಳ ಹಾಕಿ, ಇಳಿಜಾರು ಹಲಗೆಯ ಗಿಡ್ಡ ಡೆಸ್ಕಿನ ಮೇಲೆ ಲೆಕ್ಕ ಬರೆಯುತ್ತಿದ್ದ ಶಾನುಭೋಗರಿಗೆ ಪಾದ ತೂಗಾಡುವ ತಾಪತ್ರಯವೇ ಇರಲಿಲ್ಲ. ಅಲ್ಲಿ ನೆಲವೇ ಆಸನ.

ಕಾಲುಮಣೆಯನ್ನು ಒಂದೇ ದಿಮ್ಮಿಯಾಗಿ ಮಾಡಿಸಲಿಲ್ಲ. ಒಂದೊಂದು ಇಂಚಿನ ಒಂಬತ್ತು ಹಲಗೆ ಜೋಡಿಸಿ ಸ್ಕ್ರೂ ಹಾಕಿದ್ದು, ಮಗು ಬೆಳೆದಂತೆ ಒಂದೊಂದಾಗಿ ಕಳಚಲು. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಎರಡು ಇಂಚಿನಷ್ಟು ಬೆಳೆಯುತ್ತಾರೆ, ಹೀಗಾಗಿ ಆರು ತಿಂಗಳಿಗೊಮ್ಮೆ ಟೇಪು ಹಿಡಿಯಬೇಕು. ಎಲ್ಲ ಹಲಗೆಯೂ ಯಾವಾಗ ಕಳಚುತ್ತದೆ ಎಂದು ಭಾವ ಕೇಳಿದರು. ಉತ್ತರಕ್ಕೆಂದು ತಂಗಿಯನ್ನೇ ಕೂರಿಸಿ ಅಳೆದೆವು. ಅವಳು ಐದು ಅಡಿ ಒಂದು ಇಂಚು. ಬ್ಯಾಂಕಿನ ಕೆಲಸವನ್ನು ರಾತ್ರಿ ಇದೇ ಮೇಜಿನಲ್ಲಿ ಮಾಡುತ್ತಾಳೆ. 18 ಇಂಚಿನ ಕುರ್ಚಿಯಲ್ಲಿ ಅವಳ ಮೊಣಕೈ 27ಕ್ಕೆ ಬಂತು, ಮೇಜು 30. ಹಿಮ್ಮಡಿ ನೆಲಕ್ಕೆ ತಾಗಲು ಎರಡೂವರೆ ಇಂಚು ಬಾಕಿ. ವರ್ಷಗಳಿಂದ ಭುಜ ನೋವಿಗೆ ಎಣ್ಣೆ ತಿಕ್ಕುತ್ತಿದ್ದಾಳೆ. ಆಸನ ಎರಡು ಇಂಚು ಏರಿಸಿದರೆ ಅವಳಿಗೂ ನಾಲ್ಕೂವರೆ ಇಂಚಿನ ಕಾಲುಮಣೆ ಬೇಕು. ಬಡಗಿಗೆ ಇನ್ನೊಂದು ಮಣೆ ಹೇಳಿದ್ದೇವೆ.